ಮಾಂದಲಪಟ್ಟಿಗೆ ಹೊರಟವರು ಬೈಲಕುಪ್ಪೆಗೆ ಹೋಗಿದ್ದು: ಒಂದು ದಿನದ ಟ್ರಿಪ್ಪಿನ ಪ್ರಕರಣ ಅಧ್ಯಯನ

ಸೆಪ್ಟೆಂಬರ್ 3ರ ಕೈಲ್ ಪೋದ್ ಹಬ್ಬ ಮುಗಿದ ಮೇಲೆ ಕೊಡಗಿನಲ್ಲಿ ಜನಕ್ಕೆ ಸ್ವಲ್ಪ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಗದ್ದೆಯಲ್ಲಿ ನಾಟಿ ಆಗಿರುತ್ತದೆ, ಕಾಫಿ ಕೊಯ್ಲಿಗೆ ಇನ್ನೂ ಸಮಯವಿರುತ್ತದೆ. ಮಳೆ ಮಾತ್ರ ಹೋಗಿರುವುದಿಲ್ಲ. ನಮ್ಮ ಕಾಲೇಜು ಗುಂಪು ಒಂದು ಭಾನುವಾರ ಒಟ್ಟಿಗೆ ಸುತ್ತಾಡಬೇಕು ಎಂದು ಹೊರಟಿದ್ದು ಈ ಸಮಯದಲ್ಲೇ. ಆ ಒಂದು ದಿನದ ಪ್ಲಾನನ್ನು ಹೇಗೆ ಮಾಡಿದೆವು, ಎಲ್ಲಿ ಬದಲಾಯಿತು, ದುಡ್ಡು ಹೇಗೆ ಹಂಚಿದೆವು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಅವರವರ ಊರಿನಿಂದಲೇ ಕರೆಯುತ್ತೇನೆ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ.

ಗುಂಪು ಮತ್ತು ಗಾಡಿ

ಒಟ್ಟು 11 ಜನ. ಕುಶಾಲನಗರದಿಂದ ಇಬ್ಬರು, ಮಡಿಕೇರಿಯಿಂದ ಇಬ್ಬರು, ವಿರಾಜಪೇಟೆ ಕಡೆಯ ಮೂವರು, ಸುಂಟಿಕೊಪ್ಪದವನೊಬ್ಬ, ಸೋಮವಾರಪೇಟೆಯವನೊಬ್ಬ, ಮತ್ತೆ ಮೈಸೂರಿನಲ್ಲಿ ಕೆಲಸದಲ್ಲಿರುವ ಇಬ್ಬರು. ಪ್ಲಾನ್ ಹಿಡಿದವಳು ಕುಶಾಲನಗರದವಳು. ಲೆಕ್ಕ ನೋಡಿಕೊಂಡವನು ನಾನು, ನಾನೂ ಅದೇ ಊರಿನವನು.

ಎಲ್ಲರಿಗೂ ಬೇಕಿದ್ದು ಮಾಂದಲಪಟ್ಟಿ ಬೆಟ್ಟ. ಅದರ ಬಗ್ಗೆ ಚರ್ಚೆಯೇ ಇರಲಿಲ್ಲ. ಚರ್ಚೆ ಆಗಿದ್ದೆಲ್ಲ ಗಾಡಿ ಬಗ್ಗೆ. ಇರುವ ಕಾರುಗಳಲ್ಲೇ ಹೋಗೋಣ ಎಂದರು ಕೆಲವರು. ಆಗ ಮೂರು ಕಾರು ಬೇಕು, ಮೂರು ಜನ ದಿನವಿಡೀ ಸ್ಟಿಯರಿಂಗ್ ಹಿಡಿದೇ ಕೂರಬೇಕು, ಒಬ್ಬೊಬ್ಬರ ಕಾರಿನ ಡೀಸೆಲ್ ಲೆಕ್ಕ ಒಂದೊಂದು ಥರ. ಇನ್ನೊಬ್ಬ ತನ್ನ ಪರಿಚಯದವರ ಏಳು ಸೀಟಿನ ಗಾಡಿ ಕಡಿಮೆ ಬಾಡಿಗೆಗೆ ಸಿಗುತ್ತದೆ ಎಂದ. ಅದು ಬಿಳಿ ಬೋರ್ಡ್ ಗಾಡಿ. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸುವ ಹಾಗಿಲ್ಲ. ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಅದನ್ನು. ಮಳೆಗಾಲದ ಕೊಡಗಿನ ರಸ್ತೆಯಲ್ಲಿ ಐನೂರೋ ಸಾವಿರವೋ ಉಳಿಸಲು ಹೋಗಿ ಆ ತಲೆನೋವು ಯಾಕೆ ಅಲ್ವಾ? ಕೊನೆಗೆ ಹಳದಿ ಬೋರ್ಡಿನ 12 ಸೀಟಿನ ಟೆಂಪೋ ಟ್ರಾವೆಲರ್ ಹಿಡಿದೆವು. ಡೀಸೆಲ್ ಸೇರಿ ದಿನದ ಪ್ಯಾಕೇಜ್ 6,800 ರೂಪಾಯಿ, 150 ಕಿಲೋಮೀಟರ್‌ವರೆಗೆ. ಡ್ರೈವರ್ ಭತ್ಯೆ 500, ಅವರ ಊಟ ನಮ್ಮದು.

ಗಾಡಿ ಬುಕ್ ಮಾಡುವಾಗ ಕುಶಾಲನಗರದವಳು ಮಾಲೀಕರಿಗೆ ಒಂದು ಮಾತು ಮೊದಲೇ ಹೇಳಿದ್ದಳು: "ಅಣ್ಣ, ಮಳೆ ಜೋರಿದ್ರೆ ಮಡಿಕೇರಿ ಕಡೆ ಹೋಗಲ್ಲ, ಕೆಳಗೇ ಸುತ್ತುತ್ತೀವಿ. ಆಗ ಬೆಳಿಗ್ಗೆ ಆರೂವರೆ ಬದಲು ಎಂಟಕ್ಕೆ ಹೊರಡೋದು. ಡ್ರೈವರ್‌ಗೆ ಆರು ಗಂಟೆಗೆ ಫೋನ್ ಮಾಡಿ ಹೇಳ್ತೀನಿ." ಅವರು ಆಗಲಿ ಎಂದರು. ಆ ಹೊತ್ತಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. ಆಮೇಲೆ ಉಪಯೋಗಕ್ಕೆ ಬಂದಿದ್ದು ಇದೇ.

ಮಳೆ ಬಂದರೆ ಏನು?

ಮೊದಲ ಪ್ಲಾನ್ ಸುಲಭದ್ದು. ಆರೂವರೆಗೆ ಕುಶಾಲನಗರ, ದಾರಿಯಲ್ಲಿ ಸುಂಟಿಕೊಪ್ಪ, ಏಳೂವರೆಗೆ ಮಡಿಕೇರಿ. ಅಲ್ಲಿಂದ ಮುಂದೆ ಹೋಗಿ ಟೆಂಪೋ ನಿಲ್ಲಿಸಿ, ಎರಡು ಪಿಕಪ್ ಜೀಪಿನಲ್ಲಿ ಮೇಲಕ್ಕೆ. ಕೊನೆಯ ಹತ್ತುವ ದಾರಿ ಟೆಂಪೋ ಹೋಗುವಂಥದ್ದಲ್ಲ, ಜೀಪೇ ಬೇಕು. ಒಂದು ಜೀಪಿಗೆ 1,650 ಎಂದು ಮಾತಾಯಿತು. ಅಡ್ವಾನ್ಸ್ ಕೊಡುವುದಿಲ್ಲ, ಬೆಳಿಗ್ಗೆ ಫೋನ್ ಮಾಡಿ ಖಚಿತ ಮಾಡುತ್ತೇವೆ ಎಂದೆವು. ಜೀಪಿನ ಅಣ್ಣ ಒಪ್ಪಿದರು. ಮಳೆಗಾಲದಲ್ಲಿ ಅವರಿಗೂ ನಾಳೆಯ ಭರವಸೆ ಇರುವುದಿಲ್ಲ.

ಮಳೆ ಬಂದರೆ ದುಬಾರೆ, ನಿಸರ್ಗಧಾಮ ಎಂದು ಗ್ರೂಪಿನಲ್ಲಿ ಬರೆದು ಹಾಕಿದ್ದಾಯಿತು. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಸೋಮವಾರಪೇಟೆಯವನು ಮಾತ್ರ ಬರೆದ: "ಮೇಲೆ ಅಷ್ಟು ಮಳೆ ಹೊಡೆದ್ರೆ ಹೊಳೆ ತುಂಬಲ್ವಾ ಮಾರಾಯ್ರೆ? ಹೊಳೆ ತುಂಬಿದ್ರೆ ದುಬಾರೆಗೆ ದೋಣಿ ಬಿಡ್ತಾರಾ?"

ಇಡೀ ಪ್ಲಾನಿನಲ್ಲಿ ಇದಕ್ಕಿಂತ ಉಪಯೋಗದ ಪ್ರಶ್ನೆ ಯಾರೂ ಕೇಳಲಿಲ್ಲ. ನೋಡಿ, ಕೊಡಗಿನ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಬಹಳ ಬೇಗ ಕಡಿಮೆಯಾಗುತ್ತದೆ. ಭಾಗಮಂಡಲದಲ್ಲಿ ವರ್ಷಕ್ಕೆ ಬೀಳುವುದರ ಮೂರನೇ ಒಂದು ಭಾಗವೂ ಕುಶಾಲನಗರದಲ್ಲಿ ಬೀಳುವುದಿಲ್ಲ. ಹಾಗಾಗಿ ಮಳೆ ಬಂದಾಗ ಕೆಳಗೆ ಇಳಿಯಬೇಕು ಎನ್ನುವ ಯೋಚನೆ ಸರಿಯೇ ಇತ್ತು. ಆದರೆ ಮೇಲೆ ಬಿದ್ದ ನೀರು ಕಾವೇರಿಯಲ್ಲಿ ಕೆಳಗೇ ಬರಬೇಕಲ್ಲ. ದುಬಾರೆಯ ಆನೆ ಕ್ಯಾಂಪ್ ಇರುವುದು ಹೊಳೆಯ ಆಚೆ ದಡದಲ್ಲಿ. ನಿಸರ್ಗಧಾಮ ಹೊಳೆ ನಡುವಿನ ದ್ವೀಪ, ತೂಗುಸೇತುವೆ ದಾಟಿ ಹೋಗಬೇಕು. ಕುಶಾಲನಗರದಲ್ಲಿ ಬಿಸಿಲೇ ಇದ್ದರೂ ಮೇಲೆ ಎರಡು ದಿನ ಸುರಿದಿದ್ದರೆ ಎರಡೂ ಬಂದ್. ಮಾಂದಲಪಟ್ಟಿಯನ್ನು ಕೆಡಿಸುವ ಮಳೆಯೇ ಇವೆರಡನ್ನೂ ಕೆಡಿಸುತ್ತದೆ. ನಮ್ಮಲ್ಲಿದ್ದದ್ದು ಎರಡನೇ ಪ್ಲಾನ್ ಅಲ್ಲ, ಮೊದಲನೇ ಪ್ಲಾನಿನ ಬಾಲ.

ಅಬ್ಬಿ ಜಲಪಾತ ಇರಲಿ ಎಂದರು ಮಡಿಕೇರಿಯವರು. ಅದು ಮಾಂದಲಪಟ್ಟಿಯ ದಿಕ್ಕಿನಲ್ಲೇ ಇದೆ, ಅದೇ ಮಳೆ. ಚೇಲಾವರ ಜಲಪಾತ ಎಂದರು ವಿರಾಜಪೇಟೆಯವರು. ಜಾರುವ ಬಂಡೆಯ ಹತ್ತಿರ 11 ಜನರನ್ನು ಮಳೆಯಲ್ಲಿ ಕರೆದುಕೊಂಡು ಹೋಗುವ ಧೈರ್ಯ ನಮಗಿರಲಿಲ್ಲ. ಕೊನೆಗೆ ಉಳಿದಿದ್ದು ಬೈಲಕುಪ್ಪೆ. ಕೊಪ್ಪದ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಆದರೂ ಕುಶಾಲನಗರದವರಿಗೆ ಅದು ಪಕ್ಕದ ಬೀದಿ ಇದ್ದ ಹಾಗೆ. ಗೋಲ್ಡನ್ ಟೆಂಪಲ್ ಎಂದು ಎಲ್ಲರೂ ಕರೆಯುವ ನಾಮ್‌ಡ್ರೋಲಿಂಗ್ ಮಠದಲ್ಲಿ ನೋಡಬೇಕಾದ್ದು ಸೂರಿನ ಕೆಳಗೇ ಇದೆ, ಹೊಳೆ ತುಂಬಿದರೂ ಬತ್ತಿದರೂ ಅದಕ್ಕೇನಾಗಬೇಕಿಲ್ಲ. "ನೂರು ಸಲ ನೋಡಿದ್ದೀವಿ" ಎಂಬ ಗೊಣಗಾಟ ಬಂತು. ನಿಜ. ಆದರೆ ಜಾಗ ಹೊಸದಾಗಿರಬೇಕು ಎನ್ನುವುದು ನಮ್ಮ ಆಸೆ, ಮಳೆಯ ದಿನವೂ ತೆರೆದಿರಬೇಕು ಎನ್ನುವುದು ನಮ್ಮ ಅಗತ್ಯ.

ಇದರ ಜೊತೆಗೆ ಊಟದ ಜಾಗವನ್ನೂ ಬದಲಿಸಿದೆವು. ಮೊದಲು ಮಕ್ಕಂದೂರು ಹತ್ತಿರ ಒಂದು ಹೋಂಸ್ಟೇಯಲ್ಲಿ ಎಂದಿತ್ತು. ಊಟ ಹಿಂದಿನ ದಿನವೇ ಹೇಳಬೇಕಾದದ್ದು, ಬೆಳಿಗ್ಗೆ ಬದಲಿಸಲು ಬರುವುದಿಲ್ಲ. ಪಂದಿಕರಿ ಒಲೆ ಮೇಲಿಟ್ಟ ಮೇಲೆ ನಾವು ಬರಲ್ಲ ಆಂಟಿ ಎನ್ನುವುದು ಹೇಗೆ? ಆದ್ದರಿಂದ ಊಟವನ್ನು ಸುಂಟಿಕೊಪ್ಪಕ್ಕೆ ತಂದೆವು. ಅದು ಕುಶಾಲನಗರ ಮತ್ತು ಮಡಿಕೇರಿ ನಡುವೆ, ಹೆದ್ದಾರಿಯಲ್ಲೇ ಇದೆ. ಮೇಲಿನಿಂದ ಇಳಿದು ಬಂದರೂ ಕೆಳಗಿನಿಂದ ಹತ್ತಿ ಬಂದರೂ ಮಧ್ಯಾಹ್ನ ಒಂದೂವರೆಗೆ ಅಲ್ಲಿಗೆ ತಲುಪಬಹುದು. ಸುಂಟಿಕೊಪ್ಪದವನಿಗೆ ಪರಿಚಯದ ಆಂಟಿಯೊಬ್ಬರು ಮನೆಯಲ್ಲೇ ಅಡುಗೆ ಮಾಡಿ ಬಡಿಸುತ್ತಾರೆ. ಕಡಂಬುಟ್ಟು, ಪಂದಿಕರಿ, ಪಂದಿ ತಿನ್ನದವರಿಗೆ ಕೋಳಿ, ಸಸ್ಯಾಹಾರಿಗಳಿಗೆ ನೂಪುಟ್ಟು ಮತ್ತು ಬೈಂಬಳೆ ಕರಿ. ಮಾಂಸದೂಟ 400, ಸಸ್ಯಾಹಾರ 250.

ದುಡ್ಡು

ಹಂಚುವಾಗ ಜಗಳ ಆಗುವುದು ಸಾಮಾನ್ಯವಾಗಿ ಟ್ರಿಪ್ ಮುಗಿದ ಮೇಲೆ, ಎಲ್ಲವನ್ನೂ ಕೂಡಿಸಿ 11ರಿಂದ ಭಾಗಿಸಿದಾಗ. ನಾವು ಮೊದಲೇ ಖರ್ಚನ್ನು ಮೂರು ಭಾಗ ಮಾಡಿಕೊಂಡೆವು. ಗಾಡಿ, ಭತ್ಯೆ, ಡ್ರೈವರ್ ಊಟ ಸೇರಿ 7,700. ಇದು ಎಷ್ಟು ಜನ ಬಂದರೂ ಅಷ್ಟೇ, ಆದ್ದರಿಂದ ಗುರುವಾರ ರಾತ್ರಿಯೊಳಗೆ ಬರುತ್ತೇನೆ ಎಂದವರೆಲ್ಲ ತಲಾ 700 ಕೊಡಬೇಕು, ಬಂದರೂ ಬಿಟ್ಟರೂ. ಊಟ ಅವರವರ ಎಲೆಯ ಲೆಕ್ಕ, ಶನಿವಾರ ಮಧ್ಯಾಹ್ನದವರೆಗೆ ಬೇಡ ಎನ್ನಬಹುದು. ಜೀಪು ಹತ್ತಿದವರಿಗೆ ಮಾತ್ರ, ಎಲ್ಲರೂ ಹತ್ತಿದರೆ ತಲಾ 300. ಚಹಾ ತಿಂಡಿ ಆ ದಿನ ಇದ್ದವರ ನಡುವೆ. ಎಲ್ಲರಿಂದಲೂ 1,500 ಯುಪಿಐ ಮೂಲಕ ಮೊದಲೇ ತೆಗೆದುಕೊಂಡೆ, ಉಳಿದಿದ್ದು ವಾಪಸ್.

ಗಾಡಿ ಹತ್ತುವ ಜಾಗಕ್ಕೆ ಬರುವ ಖರ್ಚು ಅವರವರದ್ದೇ ಎಂದೂ ಬರೆದಿದ್ದೆವು. ಮೈಸೂರಿನ ಇಬ್ಬರು ಶನಿವಾರ ರಾತ್ರಿಯೇ ಬಸ್ಸಿನಲ್ಲಿ ಬಂದು ಕುಶಾಲನಗರದಲ್ಲಿ ಉಳಿದರು. ವಿರಾಜಪೇಟೆಯ ಮೂವರು ತಮ್ಮ ಕಾರಿನಲ್ಲಿ ಮಡಿಕೇರಿಗೆ ಬರುವುದು ಎಂದಾಯಿತು.

ಆ ಬೆಳಿಗ್ಗೆ

ತೀರ್ಮಾನ ಎಷ್ಟು ಹೊತ್ತಿಗೆ ಎನ್ನುವುದನ್ನು ಕುಶಾಲನಗರದವಳು ಮೊದಲೇ ಗೊತ್ತುಮಾಡಿದ್ದಳು. ಎಲ್ಲರಿಗಿಂತ ಮೊದಲು ಮನೆ ಬಿಡುವವರು ವಿರಾಜಪೇಟೆಯವರು, ಆರೂಕಾಲಿಗೆ. ಹಾಗಾಗಿ ಆರು ಗಂಟೆಗೆ ಮೆಸೇಜ್ ಬರಲೇಬೇಕು. ಏಳಕ್ಕೆ ನೋಡೋಣ ಎಂದಿದ್ದರೆ ಅವರು ಮೂರ್ನಾಡು ದಾಟಿ ಬಂದಿರುತ್ತಿದ್ದರು, ಆಮೇಲೆ ಯಾವ ತೀರ್ಮಾನ ಮಾಡಿದರೂ ಯಾರಿಗಾದರೂ ಅನ್ಯಾಯವೇ.

ಶನಿವಾರ ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಜಿಲ್ಲೆಗೆ ಆರೆಂಜ್ ಅಲರ್ಟ್ ಬಂತು. ಅಷ್ಟಕ್ಕೇ ನಾವು ಪ್ಲಾನ್ ಬದಲಿಸಲಿಲ್ಲ. ಆ ಬಣ್ಣ ಇಡೀ ಜಿಲ್ಲೆಗೆ ಒಂದೇ, ತಲಕಾವೇರಿಗೂ ಅದೇ, ಕುಶಾಲನಗರಕ್ಕೂ ಅದೇ. ಜಾಗ್ರತೆಯಿಂದಿರಿ ಎಂದು ಹೇಳುತ್ತದೆಯೇ ಹೊರತು ನಾಳೆ ಬೆಳಿಗ್ಗೆ ಜೀಪು ಹತ್ತುತ್ತದಾ ಎಂದು ಹೇಳುವುದಿಲ್ಲ. ರೆಡ್ ಬಂದಿದ್ದರೆ ಅಲ್ಲಿಗೇ ಮೇಲಿನ ಪ್ಲಾನ್ ಬಿಡುವುದು ಎಂದು ಮಾತಾಗಿತ್ತು. ಆರೆಂಜ್ ಬಂದರೆ ಜೀಪಿನವರ ಮಾತೇ ಕೊನೆ.

ರಾತ್ರಿ ಎಂಟಕ್ಕೆ ಫೋನ್ ಮಾಡಿದಾಗ ಜೀಪಿನ ಅಣ್ಣ, "ಇವತ್ತು ಹೋಗಿದ್ದೀವಿ, ಮಧ್ಯಾಹ್ನದ ಮೇಲೆ ಮಂಜು, ಬೆಳಿಗ್ಗೆ ಕೇಳಿ" ಎಂದರು. ಮಂಜು ಒಂದೇ ಆದರೆ ಹೋಗುವುದು ಎಂದುಕೊಂಡಿದ್ದೆವು. ಮಾಂದಲಪಟ್ಟಿಯ ಮಂಜು ಹತ್ತು ನಿಮಿಷ ಸರಿದು ಮತ್ತೆ ಮುಚ್ಚುವಂಥದ್ದು, ಕಾಯಬಹುದು. ಮಳೆ ಹಾಗಲ್ಲ, ದಾರಿಯನ್ನೇ ಕೆಡಿಸುತ್ತದೆ.

ಬೆಳಿಗ್ಗೆ ಐದೂಮುಕ್ಕಾಲಿಗೆ ಅವಳು ಮತ್ತೆ ಫೋನ್ ಮಾಡಿದಳು. ಕೇಳಿದ್ದು ಮೂರೇ ಮಾತು. ಮೇಲಕ್ಕೆ ಬಿಡ್ತಾರಾ? ದಾರಿ ಹೇಗಿದೆ? ನಿಮ್ಮ ಮನೆಯವರನ್ನೇ ಆದರೆ ಇವತ್ತು ಕರ್ಕೊಂಡು ಹೋಗ್ತೀರಾ? ಮಳೆ ಜೋರಾದಾಗ ಜಿಲ್ಲಾಡಳಿತವೇ ಅಲ್ಲಿಗೆ ಜೀಪು ನಿಲ್ಲಿಸುವುದುಂಟು. ಅವತ್ತು ಅಂಥ ಆದೇಶ ಇನ್ನೂ ಬಂದಿರಲಿಲ್ಲ. ಆದರೆ ಮೂರನೇ ಪ್ರಶ್ನೆಗೆ ಅವರು ಸ್ವಲ್ಪ ಸುಮ್ಮನಿದ್ದು, "ಇಲ್ಲಮ್ಮ, ರಾತ್ರಿಯಿಂದ ಮಳೆ ಬಿಟ್ಟಿಲ್ಲ, ಗೇಟ್ ತೆಗೆದ್ರೂ ನಾನು ಹತ್ತಿಸಲ್ಲ" ಎಂದರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು ಕಡೆ ಗುಡ್ಡಗಳು ಜರಿದದ್ದನ್ನು ನೋಡಿದವರು ಅವರು. ಅವರ ಮಾತಿನ ಮೇಲೆ ನಾವು ಮಾತಾಡುವುದೇನಿದೆ?

ಆರಕ್ಕೆ ಮೆಸೇಜ್ ಹೋಯಿತು: ಕೆಳಗಿನ ಪ್ಲಾನ್, ಎಂಟಕ್ಕೆ ಕುಶಾಲನಗರ. ಎಂಟು ಎಂದು ಇಟ್ಟಿದ್ದು ಮೇಲಿನವರು ಇಳಿದು ಬರಲಿ ಎಂದು. ಟೆಂಪೋವನ್ನು ಮಡಿಕೇರಿಗೆ ಕಳಿಸಿ ಅವರನ್ನು ಕರೆತರುವ ಯೋಚನೆ ಒಮ್ಮೆ ಬಂದಿತ್ತು. ಮಳೆಯಲ್ಲಿ ಹೋಗಿ ಬರಲು ಸುಮಾರು 60 ಕಿಲೋಮೀಟರ್, ಎರಡು ಗಂಟೆ, ಅದೂ ಇಬ್ಬರಿಗಾಗಿ. ಬಸ್ಸು ಸಾಕಷ್ಟು ಇರುವ ದಾರಿ ಅದು. ವಿರಾಜಪೇಟೆಯವರು ಇನ್ನೂ ಮನೆಯಲ್ಲೇ ಇದ್ದರು, ಮಡಿಕೇರಿ ದಾರಿ ಬಿಟ್ಟು ಸಿದ್ದಾಪುರ, ನೆಲ್ಯಹುದಿಕೇರಿ ಮೇಲೆ ಕುಶಾಲನಗರದ ಹತ್ತಿರದ ಗುಡ್ಡೆಹೊಸೂರಿಗೆ ಬಂದರು. ಆ ಕಡೆ ಹೊಳೆ ಬದಿಯ ತಗ್ಗು ಜಾಗಗಳಿಗೆ ನೀರು ಬರುವುದುಂಟು, ಅದಕ್ಕೇ ಸಿದ್ದಾಪುರದ ಪರಿಚಯದವರೊಬ್ಬರಿಗೆ ಫೋನ್ ಮಾಡಿ ರಸ್ತೆ ಕೇಳಿಕೊಂಡೇ ಹೊರಟರು.

ಮಡಿಕೇರಿಯ ಒಬ್ಬಳು ಬಸ್ಸು ಹಿಡಿದಳು. ಇನ್ನೊಬ್ಬ ಬರಲಿಲ್ಲ. "ನಾನು ಹೂಂ ಅಂದಿದ್ದು ಮಾಂದಲಪಟ್ಟಿಗೆ, ಬೈಲಕುಪ್ಪೆಗಲ್ಲ" ಎಂದು ಗ್ರೂಪಿನಲ್ಲಿ ಬರೆದು ಫೋನ್ ಆಫ್ ಮಾಡಿದ.

ಕೆಳಗಿನ ದಿನ

ಕುಶಾಲನಗರದಲ್ಲಿ ಕೊಡೆ ಬಿಚ್ಚಿದರೂ ಆಯಿತು ಬಿಟ್ಟರೂ ಆಯಿತು ಎನ್ನುವಂಥ ತುಂತುರು. ಕೊಪ್ಪದ ಸೇತುವೆ ಮೇಲೆ ಡ್ರೈವರ್ ಅಣ್ಣ ಸ್ವಲ್ಪ ನಿಧಾನ ಮಾಡಿದರು. ಕೆಳಗೆ ಕಾವೇರಿ ಕೆಂಪಗೆ, ದಡದ ಬಿದಿರಿನ ಬುಡ ಮುಳುಗಿಸಿ ಓಡುತ್ತಿತ್ತು, ನಡುವೆ ಒಂದು ಇಡೀ ಮರ ಬೇರು ಸಮೇತ ತಿರುಗುತ್ತಾ ಹೋಯಿತು. ಸೋಮವಾರಪೇಟೆಯವನು ಏನೂ ಹೇಳಲಿಲ್ಲ, ಎಲ್ಲರ ಮುಖ ಮಾತ್ರ ನೋಡಿದ. ಮಧ್ಯಾಹ್ನ ಸುಂಟಿಕೊಪ್ಪಕ್ಕೆ ಹೋಗುವಾಗ ನಿಸರ್ಗಧಾಮದ ಗೇಟೂ ಮುಚ್ಚಿತ್ತು.

ಮಠದಲ್ಲಿ ಆರಾಮಾಗಿ ಕಾಲ ಕಳೆಯಿತು. ನೂರು ಸಲ ನೋಡಿದ್ದೀವಿ ಎಂದವಳೇ ಪ್ರಾರ್ಥನಾ ಮಂದಿರದಲ್ಲಿ ಆ ಮೂರು ದೊಡ್ಡ ಮೂರ್ತಿಗಳ ಎದುರು ಜಾಸ್ತಿ ಹೊತ್ತು ಕೂತಳು. ಆಮೇಲೆ ಹೊರಗಿನ ಅಂಗಡಿಯಲ್ಲಿ ಮೊಮೊ, ಥುಕ್ಪಾ, ಚಹಾ. ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಳೆಗಾಲದಲ್ಲಿ ಬಿಸಿ ಕಡಂಬುಟ್ಟಿನ ಎದುರು ಯಾವ ಪ್ಲಾನೂ ನೆನಪಿರುವುದಿಲ್ಲ.

ಮೂರು ಗಂಟೆಗೆ ಮಳೆ ನಿಂತಿತು. ಆಗ ಶುರುವಾಯಿತು: ಮಡಿಕೇರಿಯ ರಾಜಾಸೀಟಿಗಾದರೂ ಹೋಗೋಣ, ಇಷ್ಟು ಹತ್ತಿರ ಬಂದಿದ್ದೀವಿ, ಕಿಲೋಮೀಟರ್ ಇನ್ನೂ ಬೇಕಾದಷ್ಟು ಉಳಿದಿದೆ. ಕುಶಾಲನಗರದವಳು ಒಪ್ಪಲಿಲ್ಲ. ಒಮ್ಮೆ ಕೆಳಗಿನ ಪ್ಲಾನ್ ಎಂದ ಮೇಲೆ ಮತ್ತೆ ಮೇಲಿನದಕ್ಕೆ ತಿರುಗುವುದಿಲ್ಲ ಎನ್ನುವುದು ಅವಳ ನಿಯಮ. ನನಗೆ ಇದು ಸ್ವಲ್ಪ ಬಿಗಿಯಾಯಿತು ಅನ್ನಿಸುತ್ತದೆ. ಜೀಪಿನ ದಾರಿಗೆ ಆ ನಿಯಮ ಸರಿ, ಹೆದ್ದಾರಿಯಲ್ಲಿ ಅರ್ಧ ಗಂಟೆಯ ಮಡಿಕೇರಿಗೆ ಅಷ್ಟು ಬೇಕಿರಲಿಲ್ಲ. ಆದರೆ ಡ್ರೈವರ್ ಅಣ್ಣ ಮಡಿಕೇರಿಯ ತಮ್ಮ ಗೆಳೆಯನಿಗೆ ಫೋನ್ ಮಾಡಿ, "ಅಲ್ಲಿ ಮಂಜಿಗೆ ಎದುರಿನ ಗಾಡಿ ಕಾಣ್ತಿಲ್ವಂತೆ, ರಾಜಾಸೀಟಲ್ಲಿ ಬೆಂಚು ನೋಡ್ಕೊಂಡು ಬರಬೇಕು ಅಷ್ಟೇ" ಎಂದಾಗ ಚರ್ಚೆ ತಾನಾಗಿ ಮುಗಿಯಿತು. ಆಂಟಿಯ ಜಗಲಿಯಲ್ಲೇ ಇಸ್ಪೀಟು ಹಾಕಿ ಐದಕ್ಕೆ ಹೊರಟೆವು.

ಲೆಕ್ಕ ಮುಗಿಸಿದ್ದು

ಟೆಂಪೋ ಓಡಿದ್ದು 50 ಕಿಲೋಮೀಟರಿಗೂ ಕಡಿಮೆ. ಬಾಡಿಗೆ ಕಡಿಮೆ ಮಾಡುತ್ತಾರಾ ಎಂದು ಕೇಳಿದ್ದಕ್ಕೆ ಮಾಲೀಕರು, ಗಾಡಿ ಇಡೀ ದಿನ ನಿಮ್ಮ ಹತ್ತಿರವೇ ಇತ್ತಲ್ಲ ಎಂದರು. ನ್ಯಾಯವೇ. ಜೀಪಿಗೆ ಒಂದು ಪೈಸೆಯೂ ಹೋಗಲಿಲ್ಲ. ತಿಂಡಿ ಚಹಾಕ್ಕೆ 1,200, ಅದು ಬಂದ 10 ಜನರ ನಡುವೆ ತಲಾ 120. ಮಾಂಸದೂಟದವರಿಗೆ ಒಟ್ಟು 1,220 ಬಿತ್ತು, 280 ವಾಪಸ್. ಸಸ್ಯಾಹಾರಿಗಳಿಗೆ 1,070, ಅವರಿಗೆ 430 ವಾಪಸ್. ಎಲ್ಲರಿಂದ ಬಂದಿದ್ದು 16,500, ಖರ್ಚು 12,700, ಹಿಂತಿರುಗಿಸಿದ್ದು 3,800. ಬಿಲ್ಲುಗಳ ಫೋಟೋ ಜೊತೆ ಅದೇ ರಾತ್ರಿ ಗ್ರೂಪಿನಲ್ಲಿ ಹಾಕಿದೆ.

ಉಳಿದಿದ್ದು ಬಾರದಿದ್ದವನ ಲೆಕ್ಕ. ನಿಯಮದ ಪ್ರಕಾರ ಗಾಡಿಯ 700, ಊಟದ 400 ಹೋಗಿ ಅವನಿಗೆ ಬರುವುದು 400. ಆದರೆ ಅವನ ಮಾತಿನಲ್ಲೂ ಸ್ವಲ್ಪ ಅರ್ಥವಿತ್ತು. ಬರುತ್ತೇನೆ ಎಂದು ಕೈಕೊಡುವುದು ಒಂದು, ಗುಂಪೇ ಜಾಗ ಬದಲಿಸಿದಾಗ ಬೇಡ ಎನ್ನುವುದು ಇನ್ನೊಂದು. ನಮ್ಮ ಮೆಸೇಜಿನಲ್ಲಿ ಎರಡನ್ನೂ ಬೇರೆ ಮಾಡಿರಲಿಲ್ಲ. ಎರಡನೇ ಪ್ಲಾನಿನ ಬಗ್ಗೆ ಚರ್ಚೆ ಆದಾಗ ಅವನೂ ಹೆಬ್ಬೆಟ್ಟು ಒತ್ತಿದ್ದ ಎನ್ನುವುದೂ ನಿಜ. ಅವನ 700 ಬಿಟ್ಟುಬಿಡೋಣ, ನಾವೇ ಹಂಚಿಕೊಳ್ಳೋಣ ಎಂದರು ಮೈಸೂರಿನವರು. ತಲಾ 70 ಅಷ್ಟೇ ಬೀಳುತ್ತಿತ್ತು. ನಾನು ಬೇಡ ಎಂದೆ. ಮೊತ್ತ ಸಣ್ಣದು ಎಂದು ಒಮ್ಮೆ ಬಿಟ್ಟರೆ ಮುಂದಿನ ಸಲ ಮಳೆ ಕಂಡ ಕೂಡಲೇ ನಾಲ್ಕು ಜನ ಮನೆಯಲ್ಲಿ ಉಳಿಯುತ್ತಾರೆ, ಗಾಡಿ ಬಾಡಿಗೆ ಉಳಿದವರ ತಲೆ ಮೇಲೆ.

ಇದನ್ನು ಸುಲಭ ಮಾಡಿದ್ದು ಆಂಟಿ. ಊಟಕ್ಕೆ ಒಬ್ಬ ಕಡಿಮೆ ಎಂದು ಗೊತ್ತಾದಾಗ ಅವನ ಪಾಲನ್ನು ಡಬ್ಬಿಗೆ ಹಾಕಿ, ಬಸ್ಸಿನಲ್ಲಿ ಮಡಿಕೇರಿಗೆ ಹೋಗುವವಳ ಕೈಗೆ ಕೊಟ್ಟರು. ರಾತ್ರಿ ಅವನ ಮನೆಗೆ ತಲುಪಿತು. 400 ವಾಪಸ್ ಕಳಿಸಿದ್ದಕ್ಕೆ ಬಂದ ಉತ್ತರ: "ಸರಿ ಕಣೋ. ಪಂದಿಕರಿ ಚೆನ್ನಾಗಿತ್ತು."

ಮುಂದಿನ ಪ್ಲಾನಿನ ಮೆಸೇಜಿಗೆ ಎರಡು ಸಾಲು ಸೇರಿಸಿದ್ದೇವೆ. ಒಂದು, "ಹೂಂ ಅನ್ನುವುದು ದಿನಕ್ಕೆ, ಜಾಗಕ್ಕಲ್ಲ, ಕೆಳಗಿನ ಪ್ಲಾನ್ ಆದರೂ ಗಾಡಿಯ ಪಾಲು ಅಷ್ಟೇ." ಇನ್ನೊಂದು, ಪ್ಲಾನ್ ಬದಲಾದ ಕಾರಣಕ್ಕೆ ಬಾರದವರು ಬೆಳಿಗ್ಗೆ ಏಳರೊಳಗೆ ಹೇಳಿದರೆ ಅವರ ಊಟ ಪಾರ್ಸಲ್. ವಿರಾಜಪೇಟೆಯವರ ಡೀಸೆಲ್ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಮಡಿಕೇರಿಗಿಂತ ಗುಡ್ಡೆಹೊಸೂರು ಅವರಿಗೆ ದೂರ, ಪ್ಲಾನ್ ಬದಲಿಸಿದ್ದು ಗುಂಪು, ಹಾಗಾಗಿ ಹೆಚ್ಚಾದ ದೂರದ ಖರ್ಚನ್ನಾದರೂ ಗುಂಪು ಕೊಡಬೇಕು ಎನ್ನುವುದು ಅವರ ವಾದ. ನನಗೂ ಅದು ಸರಿಯೆನಿಸುತ್ತದೆ. ಕುಶಾಲನಗರದವಳಿಗೆ ಅನ್ನಿಸುವುದಿಲ್ಲ, ಮನೆಯಿಂದ ಗಾಡಿಯವರೆಗಿನದ್ದು ಒಮ್ಮೆ ಲೆಕ್ಕಕ್ಕೆ ಬಂದರೆ ಮೈಸೂರಿನ ಬಸ್ ಟಿಕೆಟ್ಟೂ ಬರುತ್ತದೆ ಎನ್ನುತ್ತಾಳೆ. ಮುಂದಿನ ಟ್ರಿಪ್ ಇರುಪ್ಪು ಕಡೆಗೆ ಎಂದಿದೆ. ಅದು ವಿರಾಜಪೇಟೆಯವರಿಗೇ ಹತ್ತಿರ, ಆಗ ಡೀಸೆಲ್ ಲೆಕ್ಕ ಕೇಳುವವರು ನಾವು.